ಭರಣಿ ಒಡೆಯಿತು

ಏಳನೆಯ ತರಗತಿಯ ಮಗಳಿಗೆ ವ್ಯಾಕರಣ ಹೇಳಿಕೊಡುವ ಹೊಣೆಯನ್ನು ನಾನಾಗಿಯೇ ಹೊತ್ತುಕೊಂಡಿದ್ದೆ. “ಕ್ರಿಯಾಪದವನ್ನು ಹಿಡಿದು ‘ಏನು’ ಎಂದು ಕೇಳು, ಉತ್ತರ ಸಿಕ್ಕರೆ ಸಕರ್ಮಕ, ಸಿಗದಿದ್ದರೆ ಅಕರ್ಮಕ” ಎಂಬ ನನ್ನ ಸೂತ್ರವನ್ನು ಅವಳು ಕಿರುಪರೀಕ್ಷೆಯಲ್ಲಿ ಶ್ರದ್ಧೆಯಿಂದ ಪಾಲಿಸಿದಳು. ಪ್ರಶ್ನೆಯಲ್ಲಿದ್ದ ವಾಕ್ಯ ‘ಹಾಲು ಉಕ್ಕಿತು’. ಏನು ಉಕ್ಕಿತು? ಹಾಲು. ಉತ್ತರ ಸಿಕ್ಕಿತೆಂದು ‘ಸಕರ್ಮಕ’ ಎಂದು ಬರೆದಳು, ಅಂಕ ಹೋಯಿತು.

ನನ್ನ ಎಡವಟ್ಟು ಒಂದು ವಿಭಕ್ತಿಯಷ್ಟು ದೊಡ್ಡದಾಗಿತ್ತು. ಕೇಳಬೇಕಾದದ್ದು ‘ಏನನ್ನು’ ಅಥವಾ ‘ಯಾರನ್ನು’ ಎಂದು. ‘ಏನು ಉಕ್ಕಿತು’ ಎಂದರೆ ಸಿಗುವುದು ಕರ್ತೃ. ‘ಏನನ್ನು ಉಕ್ಕಿತು’ ಎಂದರೆ ಪ್ರಶ್ನೆಯೇ ನಿಲ್ಲುವುದಿಲ್ಲ, ಅಲ್ಲಿಗೆ ಅದು ಅಕರ್ಮಕ. ಆದರೆ ಮಾತಿನಲ್ಲಿ ನಾವು ‘ಹಣ್ಣು ತಿಂದೆ’, ‘ಪತ್ರ ಬರೆದೆ’ ಎಂದು ‘ಅನ್ನು’ ಪ್ರತ್ಯಯವನ್ನು ನುಂಗಿಕೊಂಡು, ಪ್ರಶ್ನೆಯನ್ನೂ ‘ಏನು ತಿಂದೆ’ ಎಂದೇ ಕೇಳುವುದರಿಂದ, ಮನೆಮಾತಿನ ಕಿವಿಗೆ ಕರ್ತೃವೂ ಕರ್ಮವೂ ಒಂದೇ ರೀತಿ ಕೇಳಿಸುತ್ತವೆ.

ಈ ತಿದ್ದುಪಡಿಯನ್ನು ಭಾನುವಾರ ಅಡುಗೆಮನೆಯಲ್ಲಿ ನಿಂತು, ಕೈಬೀಸಿ ವಿವರಿಸುತ್ತಿದ್ದಾಗ ನನ್ನ ಮೊಣಕೈ ಉಪ್ಪಿನಕಾಯಿಯ ಭರಣಿಗೆ ತಗುಲಿತು.

“ಏನದು ಸದ್ದು?” ಎಂದು ಹೆಂಡತಿ ಹಿತ್ತಿಲಿನಿಂದ ಕೇಳಿದಳು.

“ಭರಣಿ ಒಡೆಯಿತು” ಎಂದೆ. ವ್ಯಾಕರಣದ ದೃಷ್ಟಿಯಿಂದ ಅದು ನಿರ್ದೋಷ ವಾಕ್ಯ: ಭರಣಿಯೇ ಕರ್ತೃ, ಕರ್ಮವಿಲ್ಲ, ಅಪರಾಧಿಯೂ ಇಲ್ಲ. ‘ಬೀಳು’ ಎಂಬುದಕ್ಕೆ ಸಕರ್ಮಕ ಬೇಕೆಂದರೆ ‘ಬೀಳಿಸು’ ಎಂದು ‘ಇಸು’ ಸೇರಿಸಲೇಬೇಕು. ಆದರೆ ‘ಒಡೆ’, ‘ಮುರಿ’, ‘ಹರಿ’ ಮೊದಲಾದವು ರೂಪ ಬದಲಿಸದೆ ಎರಡೂ ಕಡೆ ಸಲ್ಲುತ್ತವೆ. ಇಂಥ ಧಾತುಗಳನ್ನು ವಾಕ್ಯವಿಲ್ಲದೆ ಬಿಡಿಯಾಗಿ ಕೊಟ್ಟು ‘ಸಕರ್ಮಕವೋ ಅಕರ್ಮಕವೋ’ ಎಂದು ಕೇಳುವ ಪ್ರಶ್ನೆಪತ್ರಿಕೆಗಳು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅಂದು ಅವುಗಳ ಇಬ್ಬಂದಿತನವೇ ನನಗೆ ಆಸರೆಯಾಗಿತ್ತು.

“ತಾನಾಗಿ ಒಡೆಯಿತೇ?” ಎಂಬ ಮರುಪ್ರಶ್ನೆ ಬಂದಿತು.

“ಬೆಕ್ಕು ಒಡೆಯಿತು” ಎಂದುಬಿಟ್ಟೆ. ಕ್ರಿಯಾಪದ ಅಕ್ಷರವೂ ಬದಲಾಗಲಿಲ್ಲ, ಆದರೆ ನಾನು ಸಿಕ್ಕಿಬಿದ್ದೆ.

“ಏನನ್ನು ಒಡೆಯಿತು? ಭರಣಿಯನ್ನು” ಎಂದು ಮಗಳು ಹೊಸ ಸೂತ್ರವನ್ನು ಹಚ್ಚಿದಳು. “ಹಾಗಾದರೆ ಇದು ಸಕರ್ಮಕ. ಅಪ್ಪಾ, ಸಕರ್ಮಕವಾದರೆ ಕರ್ಮಣಿ ಪ್ರಯೋಗಕ್ಕೆ ತಿರುಗಿಸಬಹುದು ಎಂದು ಟೀಚರ್ ಹೇಳಿದ್ದಾರೆ. ‘ಹಾಲಿನಿಂದ ಉಕ್ಕಲ್ಪಟ್ಟಿತು’ ಎನ್ನಲಾಗದು. ಇದನ್ನು ತಿರುಗಿಸಲೇ?”

ಬೇಡವೆಂದು ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಅವಳು ಹಿತ್ತಿಲಿಗೆ ಕೇಳುವಂತೆ ಸ್ಪಷ್ಟವಾಗಿ ಉಚ್ಚರಿಸಿದಳು: “ಭರಣಿಯು ಅಪ್ಪನಿಂದ ಒಡೆಯಲ್ಪಟ್ಟಿತು.”

ಹೆಂಡತಿ ಒಳಗೆ ಬಂದು ಪೊರಕೆಯನ್ನು ನನ್ನ ಕೈಗಿತ್ತು, “ಗುಡಿಸಿ” ಎಂದಳು. ಏನನ್ನು ಎಂದು ನಾನು ಕೇಳಲಿಲ್ಲ.