ಎಲ್ಲಕ್ಕೂ ಎರಡು ವಿಷಲ್ ಯಾಕೆ?

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜನವರಿ ಅಂದರೆ ಒಳ್ಳೆ ಹುರುಳಿಕಾಯಿ ಸಿಗದ ತಿಂಗಳು. ಸಿಕ್ಕರೂ ಎಲ್ಲಿಂದಲೋ ವಿಮಾನದಲ್ಲಿ ಬಂದು ಬಾಡಿರುತ್ತದೆ. ಅಂಥ ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ತಮ್ಮ ಫ್ರೀಜರ್‌ನಿಂದ ಒಂದು ಚೀಲ ಹುರುಳಿಕಾಯಿ ತೆಗೆದು ಕೊಟ್ಟರು. ಆಗಸ್ಟಿನಲ್ಲಿ ಅವರ ತೋಟದಲ್ಲೇ ಬಿಟ್ಟ ಕಾಯಿ. ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹಾಕಿ ನಾಲ್ಕೈದು ನಿಮಿಷ ಬಾಡಿಸಿ, ಕಾಯಿತುರಿ ಉದುರಿಸಿದೆ. ಬಾಣಲೆ ತುಂಬ ಹಚ್ಚಹಸಿರು. ಬಾಯಿಗಿಟ್ಟರೆ ಆವತ್ತೇ ಕಿತ್ತ ಕಾಯಿಯ ರುಚಿ. ಅದು ತಿಂಗಳುಗಟ್ಟಲೆ ಫ್ರೀಜರ್‌ನಲ್ಲಿ ಕಲ್ಲಾಗಿದ್ದ ಕಾಯಿ ಅಂತ ಯಾರೂ ಹೇಳುವಂತಿರಲಿಲ್ಲ.

ಹಾಸನದ ನಮ್ಮ ಮನೆಯಲ್ಲಿ ಬೆಳಿಗ್ಗೆ ಸಂತೆಯಿಂದ ತಂದ ಎಳೆ ಹುರುಳಿಕಾಯಿ ಮಧ್ಯಾಹ್ನದ ಹೊತ್ತಿಗೆ ಕುಕ್ಕರ್‌ನಲ್ಲಿ ಎರಡು ವಿಷಲ್ ಕೂಗಿಸಿಕೊಂಡು ಮಾಸಲು ಬಣ್ಣದ ಪಲ್ಯ ಆಗಿರುತ್ತದೆ. ತಾಜಾ ಕಾಯಿ ಕೈಯಲ್ಲಿದ್ದೂ ನಾವು ಯಾಕೆ ಹೀಗೆ ಮಾಡುತ್ತೇವೆ? ನನಗೆ ಅದು ನಿಜವಾಗಿಯೂ ಬೇಜಾರಿನ ವಿಷಯ.

ಮುಂದಿನ ಬೇಸಿಗೆಯಲ್ಲಿ ಅಜ್ಜಿಯ ಅಡುಗೆಮನೆಯಲ್ಲೇ ನಿಂತು ನೋಡಿದೆ. ಫ್ರೀಜರ್‌ಗೆ ಇಡುವ ಮೊದಲು ಕಾಯನ್ನು ಸ್ವಲ್ಪ ಹೊತ್ತು ಕುದಿಯುವ ನೀರಿಗೆ ಹಾಕಿ ತೆಗೆಯುತ್ತಾರೆ, ಇಲ್ಲಿ ಇದಕ್ಕೆ ಬ್ಲಾಂಚ್ ಮಾಡುವುದು ಅನ್ನುತ್ತಾರೆ. ನಮ್ಮಲ್ಲಿ ಟೊಮೇಟೊ ಸಿಪ್ಪೆ ಸುಲಿಯಲು, ಬಾದಾಮಿ ಸಿಪ್ಪೆ ತೆಗೆಯಲು ಬಿಸಿನೀರಿಗೆ ಹಾಕುತ್ತೇವಲ್ಲ, ಆ ಜಾತಿಯದೇ. ಆದರೆ ಇವರ ಕಟ್ಟುನಿಟ್ಟು ಬೇರೆ. ಅರ್ಧ ಕೆಜಿ ಹುರುಳಿಕಾಯಿಗೆ ಸುಮಾರು ನಾಲ್ಕು ಲೀಟರ್ ನೀರು. ನನ್ನ ಕಣ್ಣಿಗೆ ಅದು ದಂಡದ ನೀರು. ಆ ನೀರು ಸುಮ್ನೆ ಬಿಸಿಯಾದರೆ ಸಾಲದು, ಕೊತಕೊತ ಕುದಿಯಬೇಕು. ಆಮೇಲೆ ನಾರು ತೆಗೆದು ಹೆಚ್ಚಿದ ಕಾಯನ್ನು ಒಂದೇ ಸಲ ಸುರಿದರು. ಕುದಿ ನಿಂತಿತು. ಅಜ್ಜಿ ಗಡಿಯಾರ ನೋಡುತ್ತಾ, "ಒಂದು ನಿಮಿಷದೊಳಗೆ ಮತ್ತೆ ಕುದಿ ಬರದಿದ್ದರೆ ಕಾಯಿ ಜಾಸ್ತಿಯಾಯಿತು ಅಂತ ಲೆಕ್ಕ" ಅಂದರು. ಕುದಿ ಮರಳಿದ ಮೇಲೆ ಮೂರು ನಿಮಿಷ, ಅಷ್ಟೇ. ಕೂಡಲೇ ಜಾಲರಿಯಲ್ಲಿ ಎತ್ತಿ ಐಸ್ ಹಾಕಿದ ನೀರಿಗೆ. ಅಲ್ಲೂ ಮೂರು ನಿಮಿಷ. ಬಸಿದು, ಬಟ್ಟೆಯ ಮೇಲೆ ಹರಡಿ ಒರೆಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರ್‌ಗೆ ಇಟ್ಟರು. ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬುತ್ತಾರೆ. ಒದ್ದೆ ಇದ್ದರೆ ಎಲ್ಲಾ ಅಂಟಿ ಒಂದೇ ಗಡ್ಡೆ ಆಗುತ್ತದೆ.

ಆ ಮೂರು ನಿಮಿಷದಲ್ಲಿ ಪಾತ್ರೆಯೊಳಗೆ ಏನಾಗುತ್ತದೆ ಅನ್ನುವುದು ನನಗೆ ಅಡುಗೆಗಿಂತ ಜಾಸ್ತಿ ಹಿಡಿಸಿದ ಸಂಗತಿ. ಕಾಯಿ ನೀರಿಗೆ ಬಿದ್ದು ಅರ್ಧ ನಿಮಿಷವೂ ಆಗಿರುವುದಿಲ್ಲ, ಬಣ್ಣ ಒಮ್ಮೆಲೇ ಗಾಢವಾಗುತ್ತದೆ. ತರಕಾರಿಯ ಕೋಶಗಳ ನಡುವೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುತ್ತದೆ, ಒಳಗಿನ ಹಸಿರು ನೇರವಾಗಿ ಕಾಣುತ್ತದೆ. ಅದೇ ಹೊತ್ತಿಗೆ ಕಾಯಿಯೊಳಗಿನ ಕಿಣ್ವಗಳು ಬಿಸಿಗೆ ಕೆಲಸ ನಿಲ್ಲಿಸುತ್ತವೆ. ಫ್ರೀಜರ್‌ಗೆ ಇಡುವವರಿಗೆ ಮುಖ್ಯ ಇದೇ. ಹಸಿ ಕಾಯನ್ನು ಹಾಗೇ ಇಟ್ಟರೆ ಮೈನಸ್ ಹದಿನೆಂಟು ಡಿಗ್ರಿಯಲ್ಲೂ ಕಿಣ್ವಗಳು ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ. ಕೆಲವು ವಾರಗಳಲ್ಲಿ ಕಾಯಿಗೆ ಒಣಹುಲ್ಲಿನ ವಾಸನೆ ಬರುತ್ತದೆ, ಬಣ್ಣ ಕಂದುತ್ತದೆ. ಒಂದೇ ನಿಮಿಷಕ್ಕೆ ತೆಗೆದುಬಿಟ್ಟರೆ ಇನ್ನೂ ಕೆಟ್ಟದ್ದು. ಅರೆಬರೆ ಬಿಸಿಗೆ ಕಿಣ್ವಗಳು ಸಾಯುವ ಬದಲು ಚುರುಕಾಗುತ್ತವೆ. ಹಾಗೆ ಮಾಡುವುದಕ್ಕಿಂತ ನೀರಿಗೆ ಹಾಕದೇ ಇರುವುದೇ ವಾಸಿ.

ಜಾಸ್ತಿ ಹೊತ್ತು ಬಿಟ್ಟರೆ ನಮ್ಮ ಮನೆಯ ಪಲ್ಯ. ಕಾಯಿಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತಿನ ನಡುವೆ ಮೆಗ್ನೀಸಿಯಂ ಇರುತ್ತದೆ. ಬೇಯುವಾಗ ಕಾಯಿಯಿಂದಲೇ ಹುಳಿ ಅಂಶ ಹೊರಗೆ ಬಂದು ಆ ಮೆಗ್ನೀಸಿಯಂ ಅನ್ನು ಕಿತ್ತುಹಾಕುತ್ತದೆ. ಹಸಿರು ಹೋಗಿ ಮಾಸಲು ಬಣ್ಣ ಬರುವುದು ಆಗ. ಐದಾರು ನಿಮಿಷ ದಾಟುತ್ತಿದ್ದಂತೆ ಇದು ಕಣ್ಣಿಗೆ ಕಾಣಲು ಶುರುವಾಗುತ್ತದೆ. ನೀರು ಜಾಸ್ತಿ ಬೇಕು ಅನ್ನುವುದಕ್ಕೆ ಎರಡನೇ ಕಾರಣವೂ ಇಲ್ಲೇ ಇದೆ. ನಾಲ್ಕು ಲೀಟರ್ ನೀರಿನಲ್ಲಿ ಆ ಹುಳಿ ತೆಳುವಾಗಿ ಹೋಗುತ್ತದೆ. ಮುಚ್ಚಳ ಹಾಕಬಾರದು ಅನ್ನುವುದೂ ಇದಕ್ಕೇ. ಆ ಹುಳಿಯಲ್ಲಿ ಸ್ವಲ್ಪ ಭಾಗ ಹಬೆಯ ಜೊತೆ ಹಾರಿಹೋಗುತ್ತದೆ. ಮುಚ್ಚಿದರೆ ಮುಚ್ಚಳಕ್ಕೆ ತಾಗಿ ಮತ್ತೆ ಪಾತ್ರೆಗೇ ತೊಟ್ಟಿಕ್ಕುತ್ತದೆ.

ಈಗ ನಮ್ಮ ಕುಕ್ಕರ್ ನೆನಪು ಮಾಡಿಕೊಳ್ಳಿ. ಬೀನ್ಸ್ ಮುಳುಗುವಷ್ಟೂ ಇಲ್ಲದ ನೀರು. ಬಿಗಿ ಮುಚ್ಚಳ. ಒಳಗೆ ಹತ್ತಿರ ಹತ್ತಿರ ನೂರಿಪ್ಪತ್ತು ಡಿಗ್ರಿ. ಹುಳಿ ಹೋಗಲು ದಾರಿಯಿಲ್ಲ. ಎರಡು ವಿಷಲ್, ಆಮೇಲೆ ಪ್ರೆಶರ್ ಇಳಿಯುವ ತನಕ ಕಾಯುವುದು. ಆ ಕಾಯುವ ಹೊತ್ತಿನಲ್ಲೂ ಕಾಯಿ ಬೇಯುತ್ತಲೇ ಇರುತ್ತದೆ. ಬಣ್ಣ ಉಳಿಯುವುದಾದರೂ ಹೇಗೆ? ಮೇಲಾಗಿ ವಿಷಲ್ ಅನ್ನುವುದು ಸಮಯದ ಅಳತೆಯೇ ಅಲ್ಲ. ಉರಿ ದೊಡ್ಡದಿದ್ದರೆ ಎರಡು ವಿಷಲ್ ಒಂದರ ಹಿಂದೆ ಒಂದು ಬರುತ್ತವೆ. ಸಣ್ಣದಿದ್ದರೆ ಹತ್ತು ನಿಮಿಷವಾದರೂ ಬರುವುದಿಲ್ಲ. ಅಕ್ಕನ ಮನೆಯ ಎರಡು ವಿಷಲ್ಲೂ ಅಮ್ಮನ ಮನೆಯ ಎರಡು ವಿಷಲ್ಲೂ ಬೇರೆ ಬೇರೆ. ಆದರೂ ಫೋನಿನಲ್ಲಿ ಯಾರಿಗೆ ಅಡುಗೆ ಹೇಳಿಕೊಡುವಾಗಲೂ ನಾವು ಹೇಳುವುದು ವಿಷಲ್ ಲೆಕ್ಕವನ್ನೇ. ಬೇಳೆಗೂ ಎರಡು, ಆಲೂಗಡ್ಡೆಗೂ ಎರಡು, ಬೀನ್ಸಿಗೂ ಎರಡು.

ಇಲ್ಲಿನವರು ನೋಡುವುದು ನೀರಿನ ಮೈಯನ್ನು. ಅದೇ ಅಜ್ಜಿ ಬೆಳಗಿನ ತಿಂಡಿಗೆ ಮೊಟ್ಟೆ ಪೋಚ್ ಮಾಡುವಾಗ ನೀರು ಕುದಿಯಲೇಬಾರದು. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಅಂಟಿಕೊಂಡಿರುತ್ತವೆ, ಮೇಲೆ ಬರುವುದಿಲ್ಲ. ಸುಮಾರು ಎಂಬತ್ತು ಡಿಗ್ರಿ. ಒಡೆದ ಮೊಟ್ಟೆಯನ್ನು ಬಟ್ಟಲಿನಿಂದ ಮೆಲ್ಲಗೆ ಜಾರಿಸಿ ಮೂರು ನಾಲ್ಕು ನಿಮಿಷ ಬಿಡುತ್ತಾರೆ. ಬಿಳಿಭಾಗ ಅರವತ್ತು ಡಿಗ್ರಿ ದಾಟಿದ ಮೇಲೆ ಗಟ್ಟಿಯಾಗಲು ಶುರುವಾಗುವುದರಿಂದ ಅಷ್ಟು ಬಿಸಿ ಧಾರಾಳ. ನೀರು ಕುದಿದರೆ ಗುಳ್ಳೆಗಳ ಹೊಡೆತಕ್ಕೆ ಬಿಳಿಭಾಗ ಚಿಂದಿಯಾಗಿ ಪಾತ್ರೆ ತುಂಬ ನೊರೆ. ಸೂಪಿಗೆ ಸಿಮ್ಮರ್ ಅಂದರೆ ಅಲ್ಲೊಂದು ಇಲ್ಲೊಂದು ಗುಳ್ಳೆ ಮೇಲೆ ಬರಬೇಕು, ಅದಕ್ಕಿಂತ ಜಾಸ್ತಿ ಬಂದರೆ ಉರಿ ಇಳಿಸುತ್ತಾರೆ.

ಬ್ರೇಸ್ ಮಾಡುವುದು ಇನ್ನೂ ತಾಳ್ಮೆಯ ಕೆಲಸ. ಕುರಿಯ ಭುಜದ ಮಾಂಸವನ್ನು ಮೊದಲು ಎಣ್ಣೆಯಲ್ಲಿ ಎಲ್ಲಾ ಕಡೆ ಕೆಂಪಗೆ ಹುರಿಯುತ್ತಾರೆ. ಒದ್ದೆ ಮಾಂಸ ಕೆಂಪಾಗುವುದಿಲ್ಲ, ಹಾಗಾಗಿ ಮೊದಲೇ ಒರೆಸಿರಬೇಕು. ಆಮೇಲೆ ಮಾಂಸದ ಅರ್ಧಕ್ಕೆ ಬರುವಷ್ಟು ನೀರು, ಮುಚ್ಚಳ, ನೂರೈವತ್ತು ಡಿಗ್ರಿಯ ಓವನ್‌ನಲ್ಲಿ ಮೂರು ಗಂಟೆ. ನೀರು ಕುದಿಯುವುದಿಲ್ಲ, ಅಲುಗುತ್ತಿರುತ್ತದೆ. ಮಾಂಸದ ಎಳೆಗಳನ್ನು ಕಟ್ಟಿಹಿಡಿದ ಗಟ್ಟಿ ಪೊರೆ ನಿಧಾನವಾಗಿ ಕರಗಿ ಅಂಟು ಅಂಟಾದ ಜೆಲಾಟಿನ್ ಆಗುತ್ತದೆ. ಅವಸರಕ್ಕೆ ಜೋರಾಗಿ ಕುದಿಸಿದರೆ ಎಳೆಗಳು ಮುದುಡಿ ಒಳಗಿನ ರಸ ಹಿಂಡಿಹಾಕುತ್ತವೆ. ಆಗ ನೀರಿನಲ್ಲಿ ಮುಳುಗಿದ ಮಾಂಸವೂ ಬಾಯಿಗೆ ಒಣಒಣ. ಫೋರ್ಕ್ ಚುಚ್ಚಿ ತಿರುಗಿಸಿದರೆ ಎಳೆ ತಾನಾಗಿ ಬಿಟ್ಟುಕೊಂಡರೆ ಆಗಿದೆ ಅಂತ. ಗಡಿಯಾರವನ್ನು ಪೂರ್ತಿ ನಂಬುವುದಿಲ್ಲ.

ಒಂದೇ ಒಲೆ, ಒಂದೇ ನೀರು. ಬೀನ್ಸಿಗೆ ಭೋರ್ಗರೆಯಬೇಕು, ಮೊಟ್ಟೆಗೆ ತೆಪ್ಪಗಿರಬೇಕು. ಈ ಗಮನ ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಬಂದ ಮೇಲೆ ಸವೆದುಹೋಗಿದೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಮುಚ್ಚಳ ಮುಚ್ಚಿದ ಮೇಲೆ ನೋಡಲು ಏನೂ ಇರುವುದಿಲ್ಲ, ಅಲ್ವಾ?

ಹೋದ ಸಲ ಊರಿಗೆ ಹೋದಾಗ ಅಮ್ಮನಿಗೆ ಈ ಹಸಿರು ಪಲ್ಯ ಮಾಡಿ ಬಡಿಸಿದೆ. ನೀರು ಸುರಿದ ಪ್ರಮಾಣ ನೋಡಿಯೇ ಅವರಿಗೆ ಸಂಕಟ. ಒಂದು ತುತ್ತು ತಿಂದು, "ಇದು ಬೆಂದೇ ಇಲ್ವಲ್ಲೋ, ಹಸಿ ಹಸಿ ಇದೆ" ಅಂದರು. ಆಮೇಲೆ ಸಿಂಕಿನ ಕಡೆ ನೋಡಿ, "ಆ ಬಸಿದ ನೀರನ್ನೆಲ್ಲಾ ಚೆಲ್ಲಿಬಿಟ್ಯಾ?" ಅಂತ ಕೇಳಿದರು.

ಹಸಿ ಅನ್ನುವ ಮಾತನ್ನು ನಾನು ಈಗಲೂ ಒಪ್ಪುವುದಿಲ್ಲ. ನೀರಿನ ಮಾತನ್ನು ಒಪ್ಪಬೇಕಾಯಿತು. ಆ ಮೂರು ನಿಮಿಷದಲ್ಲೇ ಸಿ ಜೀವಸತ್ವದಲ್ಲಿ ಒಂದಿಷ್ಟು, ಲವಣ, ಕಾಯಿಯ ಸಿಹಿ ನೀರಿಗೆ ಇಳಿದಿರುತ್ತದೆ. ನೀರು ಜಾಸ್ತಿ ಇದ್ದಷ್ಟೂ ಇಳಿಯುವುದೂ ಜಾಸ್ತಿ. ಬಣ್ಣ ಉಳಿಸುವ ಉಪಾಯವೇ ಸಾರವನ್ನು ಕಳೆಯುವ ಉಪಾಯ ಕೂಡ. ನಮ್ಮ ಬಸ್ಸಾರು ಇದನ್ನು ಸರಿಯಾಗಿ ತಿರುಗಿಸಿ ಹಾಕುತ್ತದೆ. ತೊಗರಿಬೇಳೆ ಅರ್ಧ ಬೆಂದ ಮೇಲೆ ಹುರುಳಿಕಾಯಿ ಹಾಕಿ, ಬೇಳೆ ಬೆರಳಲ್ಲಿ ಅದುಮಿದರೆ ನುರಿಯುವಂತೆ, ಆದರೆ ಕಲಸಿಹೋಗದಂತೆ ನೋಡಿ ಬಸಿಯುತ್ತಾರೆ. ಕಾಯಿಬೇಳೆ ಪಲ್ಯಕ್ಕೆ. ಬಸಿದ ನೀರಿಗೆ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಸಾರಿನ ಪುಡಿ, ಒಂದು ಹಿಡಿ ಬೆಂದ ಬೇಳೆ ರುಬ್ಬಿ ಹಾಕಿ ಕುದಿಸಿದರೆ ಸಾರು. ಹುಣಸೆ ಹಾಕುವುದು ಕೊನೆಗೆ. ಮೊದಲೇ ಹಾಕಿದರೆ ಹುಳಿಗೆ ಬೇಳೆಯೂ ಕಾಯಿಯೂ ಮೆತ್ತಗಾಗಲು ಸತಾಯಿಸುತ್ತವೆ. ಇದು ಅಮ್ಮನಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿದ್ದಲ್ಲ.

ಬಸ್ಸಾರಿಗೆ ಅವರು ಕುಕ್ಕರ್ ಇಡುವುದಿಲ್ಲ ಅನ್ನುವುದನ್ನೂ ಆಗಲೇ ಗಮನಿಸಿದೆ. ಬೇಳೆಯ ಹದ ನೋಡಬೇಕಲ್ಲ, ತೆರೆದ ಪಾತ್ರೆಯೇ ಬೇಕು. ಮಜ್ಜಿಗೆಹುಳಿಗೆ ಮೊಸರು ಹಾಕಿದ ಮೇಲೆ ಕುದಿಸದೆ, ಅಂಚಿನಲ್ಲಿ ನೊರೆ ಕಾಣುತ್ತಲೇ ಇಳಿಸುತ್ತಾರೆ. ಕುದಿಸಿದರೆ ಒಡೆಯುತ್ತದೆ. ತಿಳಿಸಾರು ಉಕ್ಕಿ ಬಂದ ಕೂಡಲೇ ಒಲೆ ಆರಿಸುತ್ತಾರೆ. ನೀರಿನ ಮೈ ನೋಡುವ ಕಣ್ಣು ಅಮ್ಮನಿಗೆ ಇದೆ. ಬೀನ್ಸಿನ ವಿಷಯದಲ್ಲಿ ಮಾತ್ರ ಅದನ್ನು ಬಳಸುವುದಿಲ್ಲ. ಕುಕ್ಕರ್ ಬೇಳೆಗೆ ಬೇಕೇ ಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರ್ ಹತ್ತಿರ ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದು ತೊಂಬತ್ತೇಳು ಡಿಗ್ರಿ ಆಸುಪಾಸಿನಲ್ಲಿ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಗ್ಯಾಸೂ ಸಮಯವೂ ಜಾಸ್ತಿ ಹಿಡಿಯುತ್ತದೆ.

ಈ ಆಗಸ್ಟಿನಲ್ಲಿ ಅಜ್ಜಿ ಮತ್ತೆ ಬೀನ್ಸ್ ಬ್ಲಾಂಚ್ ಮಾಡುವಾಗ ನೀರಿಗೆ ಉಪ್ಪು ಹಾಕಬೇಡಿ ಅಂತ ಕೇಳಿಕೊಂಡೆ. ಫ್ರೀಜರ್‌ಗೆ ಇಡಲು ಉಪ್ಪು ಬೇಕಾಗಿಯೂ ಇಲ್ಲ. ಅವರು ಅದೇ ನೀರಲ್ಲಿ ಒಂದಾದ ಮೇಲೆ ಒಂದರಂತೆ ಹಲವು ಸಲ ಕಾಯಿ ಹಾಕಿ ತೆಗೆಯುತ್ತಾರೆ. ಕೊನೆಯ ಹೊತ್ತಿಗೆ ನೀರು ತಿಳಿಹಸಿರಾಗಿ, ನೆಕ್ಕಿ ನೋಡಿದರೆ ಸಿಹಿಯಾಗಿ, ಕಾಯಿಯ ವಾಸನೆ ತುಂಬಿಕೊಂಡಿರುತ್ತದೆ. ಅದನ್ನು ತಂದು, ಬೇರೆಯಾಗಿ ಬೇಯಿಸಿದ ತೊಗರಿಬೇಳೆ ಸೇರಿಸಿ ಬಸ್ಸಾರು ಮಾಡಿದೆ. ಅಮ್ಮನ ಸಾರಿನಷ್ಟು ಗಟ್ಟಿ ರುಚಿ ಬರಲಿಲ್ಲ, ಮೂರು ಮೂರು ನಿಮಿಷಕ್ಕೆ ಅಷ್ಟು ಇಳಿಯುವುದಿಲ್ಲ. ಅರ್ಧಕ್ಕೆ ಇಂಗಿಸಿ ಮಾಡಿದರೆ ಚೆನ್ನಾಗಿ ಬರುತ್ತದೆ.