ಅಂಕಗಳನ್ನು ಕೂಡಿಸುವಲ್ಲಿನ ತೊಡಕು

“ರೋಬೋ-ಸಲಹಾ ವೇದಿಕೆಯ ಪ್ರಶ್ನೆಗಳಿಗೆ ಉತ್ತರಿಸಿದರೆ ನನಗೆ ಹೊಂದುವ ಹೂಡಿಕೆಯನ್ನು ಅದೇ ಆರಿಸಿಕೊಡುತ್ತದೆಯೇ?”

ಹೂಡಿಕೆಯ ಸಲಹೆಯನ್ನು ತಂತ್ರಾಂಶದ ಮೂಲಕ ಕೊಡುವ ಇಂಥ ಅನೇಕ ವೇದಿಕೆಗಳು ಉತ್ತರಗಳಿಗೆ ಅಂಕ ಕೊಟ್ಟು ಕೂಡಿಸಿ, ಮೊದಲೇ ಸಿದ್ಧಪಡಿಸಿದ ಕೆಲವೇ ಹಂಚಿಕೆಗಳಲ್ಲಿ ಒಂದಕ್ಕೆ ನಮ್ಮನ್ನು ಸೇರಿಸುತ್ತವೆ; ಆಮೇಲೆ ಷೇರು ಮತ್ತು ಸಾಲಪತ್ರಗಳ ಪ್ರಮಾಣ ಏರುಪೇರಾದಾಗ ಮರಳಿ ಹೊಂದಿಸುತ್ತವೆ, ಈ ಕೆಲಸವನ್ನು ಶಿಸ್ತಿನಿಂದಲೇ ಮಾಡುತ್ತವೆ. ತೊಡಕಿರುವುದು ಆ ಕೂಡಿಸುವಿಕೆಯಲ್ಲಿ. ನಷ್ಟವನ್ನು ಸಹಿಸುವ ಮನಸ್ಸು ಬೇರೆ, ತಾಳಿಕೊಳ್ಳುವ ಶಕ್ತಿ ಬೇರೆ. 30 ವರ್ಷದ, ಧೈರ್ಯದಿಂದ ಉತ್ತರಿಸುವ ಒಬ್ಬರಿಗೆ ಎರಡೇ ವರ್ಷಗಳಲ್ಲಿ ಮನೆ ಕೊಳ್ಳಲು ಆ ಹಣ ಬೇಕಿದ್ದರೂ, ವಯಸ್ಸು ಮತ್ತು ಧೈರ್ಯದ ಅಂಕಗಳು ಅವಧಿಯ ಕಡಿಮೆ ಅಂಕವನ್ನು ಮುಚ್ಚಿಹಾಕಿ, ಶೇ. 70ರಷ್ಟು ಷೇರುಗಳಿರುವ ಹಂಚಿಕೆ ದೊರೆಯಬಹುದು. ಷೇರುಗಳು ಶೇ. 40ರಷ್ಟು ಕುಸಿದರೆ ಅವರ ಒಟ್ಟು ಹಣದಲ್ಲಿ ಶೇ. 28ರಷ್ಟು ಕರಗುತ್ತದೆ, ಚೇತರಿಕೆಗೆ ಕಾಯಲು ಅವರಿಗೆ ಸಮಯವಿಲ್ಲ. ಅವಧಿಯ ಉತ್ತರವೊಂದನ್ನೇ 20 ವರ್ಷದಿಂದ 2ಕ್ಕೆ ಇಳಿಸಿ ನೋಡಿ: ಷೇರಿನ ಪಾಲು ಹೆಚ್ಚು ತಗ್ಗದಿದ್ದರೆ, ಆ ಹಣಕ್ಕೆ ಆ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ.