ದಾರಿಗೆ ಹಚ್ಚಿದ ಕಾಕಾ

ಪುಣೆಯ ಕೋಥರೂಡಿನ ಬಾಡಿಗೆ ಮನೆಗೆ ಸಾಮಾನು ಸಾಗಿಸಿದ ದಿನ, ಮೆಟ್ಟಿಲ ತಿರುವಿನಲ್ಲಿ ನಮ್ಮ ಕಬ್ಬಿಣದ ಬೀರು ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ಸಿಕ್ಕಿಕೊಂಡಿತು. ಆಗ ಎದುರು ಮನೆಯ ಬಾಗಿಲು ತೆರೆದು ಹೊರಬಂದ ಹಿರಿಯರೊಬ್ಬರು, ಹಮಾಲರಿಗೆ ಬೀರುವನ್ನು ನೆಟ್ಟಗೆ ನಿಲ್ಲಿಸಿ, ಒಂದು ಮೂಲೆಯ ಮೇಲೆ ತಿರುಗಿಸಿ ಎತ್ತುವಂತೆ ಹೇಳಿಕೊಟ್ಟರು. ಬೀರು ತಿರುಗಿತು. ತಿರುಗುವ ಹೊತ್ತಿಗೆ ಎಲ್ಲಿಯೋ ‘ಟಣ್’ ಎಂದದ್ದೂ, ಹಮಾಲನೊಬ್ಬ ‘ವಾಟ ಲಾವಲೀ!’ ಎಂದು ಕೂಗಿದ್ದೂ ನನಗೆ ಕೇಳಿಸಿತು. ‘ವಾಟ’ ಎಂದರೆ ದಾರಿ ಎಂಬುದು ನನಗೆ ಗೊತ್ತಿತ್ತು. ಬೀರುವಿಗೆ ದಾರಿಯಾದ ಸಂತೋಷಕ್ಕೆ ಕೂಗಿದನೆಂದು ನಂಬಿ, ಆ ಮಾತನ್ನು ಮುಂದಿನ ಉಪಯೋಗಕ್ಕೆಂದು ಮನಸ್ಸಿನಲ್ಲಿ ತೆಗೆದಿರಿಸಿಕೊಂಡೆ. ಆಮೇಲೆ ಕಾಕಾ ನಮಗೆ ಚಹಾ, ಅವಲಕ್ಕಿ ಕಳುಹಿಸಿದರು, ನಲ್ಲಿಯ ನೀರು ಬರುವ ಹೊತ್ತು ತಿಳಿಸಿದರು.

ಇಷ್ಟು ಮಾಡಿದವರಿಗೆ ಅವರದೇ ಭಾಷೆಯಲ್ಲಿ ಕೃತಜ್ಞತೆ ಹೇಳದಿದ್ದರೆ ಶಿವಮೊಗ್ಗದ ಮರ್ಯಾದೆ ಏನಾದೀತು? ಬೆಳಗಾವಿಯವಳಾದ ಹೆಂಡತಿ ಮರಾಠಿ ಬಲ್ಲಳು; ಆದರೆ ಮನೆ ಒಪ್ಪವಾಗುವವರೆಗೆ ಮಗುವಿನೊಂದಿಗೆ ತವರಿಗೆ ಹೋಗಿದ್ದ ಅವಳನ್ನು ಕೇಳುವುದು ನನ್ನ ಆತ್ಮಗೌರವಕ್ಕೆ ಒಪ್ಪಲಿಲ್ಲ. ಮರುದಿನ ಮಧ್ಯಾಹ್ನ ಎರಡೂಕಾಲಕ್ಕೆ, ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ, ಮೂರು ವಾಕ್ಯಗಳನ್ನು ರಚಿಸಿ ಕಳುಹಿಸಿದೆ: ‘ನಮಸ್ಕಾರ ಕಾಕಾ, ಕಾಲ ತುಮ್ಹೀ ಫಾರ ಮದತ ಕೇಲಾ. ತುಮ್ಹೀ ಆಮಚ್ಯಾ ಸಾಮಾನಾಚೀ ವಾಟ ಲಾವಲೀ. ಹೇ ಆಮ್ಹೀ ಕಧೀಚ ವಿಸರಣಾರ ನಾಹೀ.’

ನನ್ನ ಲೆಕ್ಕದಲ್ಲಿ ಎರಡನೆಯ ವಾಕ್ಯ, ಕನ್ನಡದಲ್ಲಿ ನಾವು ‘ದಾರಿಗೆ ಹಚ್ಚಿದಿರಿ’ ಎನ್ನುವಂತೆ ತೂಕದ ಮಾತಾಗಿತ್ತು. ಮರಾಠಿಯ ‘ಲಾವಣೇ’ ನಮ್ಮ ‘ಹಚ್ಚು’ವಿನ ಹತ್ತಿರದ ನೆಂಟ: ದೀಪವನ್ನೂ ಹಚ್ಚುತ್ತದೆ, ಗಂಧವನ್ನೂ ಹಚ್ಚುತ್ತದೆ. ಆದರೆ ದಾರಿಯ ವಿಷಯಕ್ಕೆ ಬಂದಾಗ ಅದು ತನ್ನದೇ ನಿಯಮ ಹಿಡಿಯುತ್ತದೆ. ‘ಮಾರ್ಗೀ ಲಾವಣೇ’ ಎಂದರೆ ಕೆಲಸವನ್ನು ದಡ ಹತ್ತಿಸುವುದು. ‘ವಾಟ ಲಾವಣೇ’ ಎಂದರೆ ಹಾಳುಗೆಡವುವುದು. ಮಾರ್ಗವೂ ದಾರಿ, ವಾಟವೂ ದಾರಿ. ಒಂದರಲ್ಲಿ ಮನೆ ಮುಟ್ಟುತ್ತೇವೆ, ಇನ್ನೊಂದರಲ್ಲಿ ಮನೆ ಮುರಿಯುತ್ತೇವೆ.

ನಾಲ್ಕೂವರೆಗೆ ಕರೆಗಂಟೆ ಬಾರಿಸಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ ಕಾಕಾ ಒಳಗೆ ಬಂದವರೇ ನೇರವಾಗಿ ಬೀರುವಿನ ಮುಂದೆ ನಿಂತು, ಅದರ ಕನ್ನಡಿಯ ಕೆಳಮೂಲೆಯಿಂದ ಓರೆಯಾಗಿ ಏರಿದ್ದ ಬಿರುಕಿನ ಮೇಲೆ ಬೆರಳಾಡಿಸಿದರು. ಆ ಬಿರುಕನ್ನು ನಾನು ಆ ಕ್ಷಣದವರೆಗೂ ನೋಡಿರಲಿಲ್ಲ. “ಮೂಲೆಯ ಮೇಲೆ ತಿರುಗಿಸಿ ಎಂದದ್ದು ನಾನೇ, ಒಪ್ಪುತ್ತೇನೆ. ಗಾಜಿನವನನ್ನು ಕರೆಸುತ್ತೇನೆ, ದುಡ್ಡೂ ಕೊಡುತ್ತೇನೆ. ಆದರೆ ಎಂದಿಗೂ ಮರೆಯುವುದಿಲ್ಲ ಎಂದು ಬರೆಯುವಷ್ಟು ಕೋಪವೇಕೆ?” ಎಂದು ಹಿಂದಿಯಲ್ಲಿ ಕೇಳಿದರು. ನಾನು ಕೈಮುಗಿದೆ. ಅದೂ ತಪ್ಪರ್ಥ ಕೊಟ್ಟಿರಬೇಕು. ಅವರು ಇನ್ನಷ್ಟು ಗಂಭೀರರಾದರು.

ಕೊನೆಗೆ ಬೆಳಗಾವಿಗೆ ಫೋನು ಹಚ್ಚಲೇಬೇಕಾಯಿತು. ಸಂದೇಶವನ್ನು ಓದಿಸಿಕೊಂಡ ಹೆಂಡತಿ ನಗು ನಿಲ್ಲಿಸುವುದಕ್ಕೇ ಬಹಳ ಹೊತ್ತು ತೆಗೆದುಕೊಂಡಳು. “ಅಲ್ರೀ, ನಮ್ಮ ಸಾಮಾನೆಲ್ಲಾ ಹಾಳು ಮಾಡೀರಿ, ಇದನ್ನ ನಾವು ಎಂದೂ ಮರೆಯೂದಿಲ್ಲ ಅಂತ ಹಿರಿಯರಿಗೆ ಧಮಕಿ ಹಾಕೀರಲ್ಲ!” ಎಂದಳು. ಅಷ್ಟಕ್ಕೇ ಬಿಡದೆ ವ್ಯಾಕರಣಕ್ಕೂ ಇಳಿದಳು. ಕನ್ನಡದಲ್ಲಿ ಕ್ರಿಯಾಪದ ಮಾಡಿದವರನ್ನು ನೋಡಿ ಹೊಂದಿಕೊಳ್ಳುತ್ತದೆ. ಮರಾಠಿಯಲ್ಲಿ ಇಂಥ ಭೂತಕಾಲದ ಮಾತಿನಲ್ಲಿ, ಮಾಡಿದ್ದು ಏನು ಎಂಬುದನ್ನು ನೋಡುತ್ತದೆ. ಗಂಡಸು ಮಾವಿನಹಣ್ಣು ತಿಂದರೆ ‘ಆಂಬಾ ಖಾಲ್ಲಾ’, ಅದೇ ಗಂಡಸು ಚಪಾತಿ ತಿಂದರೆ ‘ಪೋಳೀ ಖಾಲ್ಲೀ’. ಮದತವು ಸ್ತ್ರೀಲಿಂಗವಾದ್ದರಿಂದ, ಸಹಾಯ ಮಾಡಿದವರು ಮೀಸೆಯ ಕಾಕಾ ಆದರೂ ‘ಕೇಲೀ’ ಎನ್ನಬೇಕು, ಗೌರವಕ್ಕೆ ‘ಕೇಲೀತ’. ವಾಟವೂ ಸ್ತ್ರೀಲಿಂಗ, ಹಮಾಲನಿಂದ ಇಡಿಯಾಗಿ ಎತ್ತಿದ ‘ಲಾವಲೀ’ ಎಂಬ ಪದದಲ್ಲಿ ಮಾತ್ರ ನನ್ನ ವ್ಯಾಕರಣ ನಿರ್ದೋಷವಾಗಿತ್ತು. ಹೊಗಳಿಕೆ ಅಶುದ್ಧ, ಬೈಗುಳ ಶುದ್ಧ.

ಆಕೆ ಫೋನಿನಲ್ಲೇ ಕಾಕಾರನ್ನು ಸಮಾಧಾನಪಡಿಸಿದಳು. ಅವರು ನಗುತ್ತ ಮನೆಗೆ ಹೋದರು. ಆಮೇಲೆ ಅವಳು ಹೇಳಿ ಬರೆಯಿಸಿದ ಸಂದೇಶವನ್ನು ಕಳುಹಿಸಿದೆ: ‘ಕಾಲ ಘರ ಲಾವತಾನಾ ತುಮ್ಹೀ ಖೂಪ ಮದತ ಕೇಲೀತ. ತುಮಚ್ಯಾಮುಳೇ ಸಗಳಂ ಸಾಮಾನ ಮಾರ್ಗೀ ಲಾಗಲಂ. ಮನಾಪಾಸೂನ ಆಭಾರ.’ ನಿನ್ನೆ ಮನೆ ಜೋಡಿಸುವಾಗ ತುಂಬ ಸಹಾಯ ಮಾಡಿದಿರಿ, ನಿಮ್ಮಿಂದ ಸಾಮಾನೆಲ್ಲ ನೆಲೆಗೆ ಹತ್ತಿತು, ಮನಸಾರೆ ವಂದನೆಗಳು ಎಂದು ಅದರ ಅರ್ಥ. ಈ ಸಲ ಕಳುಹಿಸುವ ಮುನ್ನ ಕೇಳಿ ತಿಳಿದುಕೊಂಡಿದ್ದೆ.

ಕಾಕಾರ ಉತ್ತರ ಕೂಡಲೇ ಬಂತು: ‘ಠೀಕ ಆಹೇ. ಪಣ ದುಪಾರೀ ಏಕ ತೇ ಚಾರ ಮೆಸೇಜ ಪಾಠವೂ ನಕಾ.’ ಆಗಲಿ, ಆದರೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸಂದೇಶ ಕಳುಹಿಸಬೇಡಿ.